ಸಹಾಯ ಬೇಕು: ಸೀರೆಯ ಆರ್ಡರ್ ಆದ ಮೇಲೆ ಖಣದ ಮಾತು ಎತ್ತುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯಿಂದ ವಾಟ್ಸಾಪ್ ಮೂಲಕ ಇಳಕಲ್ ಸೀರೆ ಮಾರುತ್ತೇನೆ. ನಾನು ತರಿಸುವ ಸೀರೆಗಳ ಜೊತೆ ಕುಪ್ಪಸದ ಬಟ್ಟೆ ಬರುವುದಿಲ್ಲವಾದ್ದರಿಂದ ಗುಳೇದಗುಡ್ಡದ ಖಣವನ್ನೂ ಇಟ್ಟುಕೊಂಡಿದ್ದೇನೆ.

ಮೊದಮೊದಲು ಹಣ ಬಂದ ಕೂಡಲೇ ಆರು ಖಣಗಳ ಫೋಟೊ ಕಳಿಸುತ್ತಿದ್ದೆ. ಒಬ್ಬರು "ಮೊದಲ ಸೀರಿ ಕಳಸ್ರಿ, ಆಮ್ಯಾಲೆ ನೋಡೂಣು" ಎಂದು ಖಾರವಾಗಿಯೇ ಬರೆದರು. ತಪ್ಪು ನನ್ನದೇ, ಹಣ ಮುಟ್ಟಿತೆಂಬ ಮಾತನ್ನೇ ನಾನು ಹೇಳಿರಲಿಲ್ಲ. ಹಣಕ್ಕಿಂತ ಮೊದಲೇ ಕೇಳಿದಾಗ, ಬಣ್ಣ ಹೊಂದಿಸುವ ಯೋಚನೆಯಲ್ಲಿ ಸೀರೆಯ ಆರ್ಡರೇ ನಿಂತುಹೋಯಿತು. ಸೀರೆ ತಲುಪಿದ ಮೇಲೆ ಕೇಳಿದರೆ, ಒಂದು ಖಣಕ್ಕಾಗಿ ಮತ್ತೆ ಕೊರಿಯರ್ ಖರ್ಚು ಬೀಳುತ್ತದೆ.

ಆದ್ದರಿಂದ ಈಗ ಒಂದೇ ಖಣವನ್ನು ಸೀರೆಯ ದಡಿಯ ಮೇಲಿಟ್ಟು ಫೋಟೊ ತೆಗೆದು, ಬೆಲೆ ಸೇರಿಸಿ, ಹೀಗೆ ಬರೆಯಬೇಕೆಂದಿದ್ದೇನೆ: "ಹಣ ತಲುಪಿದೆ, ನಾಳೆ ಪಾರ್ಸಲ್ ಹೊರಡುತ್ತದೆ. ನಿಮ್ಮ ಸೀರೆಯ ಕೆಂಪು ದಡಿಗೆ ಈ ಖಣ ಹೊಂದುತ್ತದೆ. ಬೇಕಿದ್ದರೆ ಸಂಜೆ 6ರೊಳಗೆ ತಿಳಿಸಿ, ಅದೇ ಪಾರ್ಸಲ್‌ನಲ್ಲಿ ಇಡುತ್ತೇನೆ. ಇಲ್ಲವಾದರೆ ಸೀರೆಯನ್ನಷ್ಟೇ ಕಳಿಸುತ್ತೇನೆ."

ನನ್ನ ಗೊಂದಲವಿರುವುದು ಆ "6ರೊಳಗೆ" ಎಂಬಲ್ಲಿ. ಪ್ಯಾಕಿಂಗ್ ಸಮಯವನ್ನು ನಿಜವಾಗಿಯೇ ತಿಳಿಸುತ್ತಿದ್ದರೂ ಅದು ಅವಸರಪಡಿಸಿದಂತೆ ಕೇಳಿಸುತ್ತದೆಯೇ? ಖಣದ ಮಾತನ್ನು ಇದೇ ಸಂದೇಶದಲ್ಲಿ ಸೇರಿಸಬೇಕೇ, ಅಥವಾ ಗಂಟೆ ಬಿಟ್ಟು ಬೇರೆಯಾಗಿ ಕಳಿಸಬೇಕೇ?