ಸಹಾಯ ಬೇಕು: ಅಮ್ಮನ ಶುಗರ್, ಬಿಪಿ ಮಾತ್ರೆ ಖರ್ಚು ಇಳಿಸೋದು ಹೇಗೆ? (ವಿಜಯನಗರ)

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 64 ವರ್ಷ, ಶುಗರ್ ಮತ್ತು ಬಿಪಿ ಇದೆ. ಗ್ಲಿಮೆಪಿರೈಡ್ 1 ಮತ್ತು ಮೆಟ್‌ಫಾರ್ಮಿನ್ 500 ಎಸ್‌ಆರ್ ಸೇರಿರೋ ಒಂದೇ ಮಾತ್ರೆ, ಜೊತೆಗೆ ಟೆಲ್ಮಿಸಾರ್ಟಾನ್ 40. ಚೀಟಿಯಲ್ಲಿ ಬರೀ ಕಂಪನಿ ಹೆಸರು. ಸ್ಟ್ರಿಪ್ ಹಿಂಭಾಗ ನೋಡಿ ಇಷ್ಟು ಬರ್ಕೊಂಡೆ.

ಜನೌಷಧಿ ಕೇಂದ್ರಕ್ಕೆ ಬದಲಾಯಿಸೋ ಯೋಚನೆ. ಔಷಧಿ, ಮಿಲಿಗ್ರಾಂ ಎರಡೂ ಒಂದೇ ಇರಬೇಕು ಅಂತ ಗೊತ್ತು. ಎಸ್‌ಆರ್ ಅನ್ನೋದನ್ನೂ ನೋಡಬೇಕು, ಅದು ನಿಧಾನವಾಗಿ ಬಿಡುಗಡೆಯಾಗೋ ಮಾತ್ರೆ, ಸಾದಾ ಮೆಟ್‌ಫಾರ್ಮಿನ್‌ಗೆ ಕೆಲವರ ಹೊಟ್ಟೆ ಕೆಡುತ್ತೆ. ಆ ಜೋಡಿ ಮಾತ್ರೆ ಸ್ಟಾಕ್ ಇಲ್ಲದಿದ್ದರೆ ಎರಡನ್ನೂ ಬಿಡಿಬಿಡಿಯಾಗಿ ಕೊಡಬಹುದಾ ಅಂತ ಡಾಕ್ಟರನ್ನೇ ಕೇಳ್ತೀನಿ.

ತಲೆನೋವು ಇರೋದು ಕ್ಲಿನಿಕ್‌ನ ವಾರ್ಷಿಕ ಪ್ಯಾಕೇಜ್. ಅದರಲ್ಲಿ ವಿಟಮಿನ್‌ಗಳಿಂದ ಹಿಡಿದು ಕ್ಯಾನ್ಸರ್ ಮಾರ್ಕರ್‌ವರೆಗೆ ಇದೆ, ಕಣ್ಣಿನ ರೆಟಿನಾ ಪರೀಕ್ಷೆಯೇ ಇಲ್ಲ! ಅಮ್ಮನ ಶುಗರ್ ಹತೋಟಿಯಲ್ಲಿದೆ. ಹಾಗಾಗಿ ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ವರ್ಷಕ್ಕೊಮ್ಮೆ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್, ಕೊಲೆಸ್ಟ್ರಾಲ್, ಕಣ್ಣು, ಪಾದ ನೋಡಿಸಿದ್ರೆ ಸಾಕು ಅನ್ಕೊಂಡಿದೀನಿ.

ವಿಜಯನಗರ, ರಾಜಾಜಿನಗರ ಕಡೆ ಈ ಮಾತ್ರೆ ತಪ್ಪದೆ ಸಿಗೋ ಕೇಂದ್ರ ಯಾವುದು? ಬಿಡಿಬಿಡಿಯಾಗಿ ಟೆಸ್ಟ್ ಮಾಡೋ ಲ್ಯಾಬ್, ಜೆನೆರಿಕ್ ಹೆಸರಲ್ಲೇ ಚೀಟಿ ಬರೆಯೋ ಡಾಕ್ಟರು ಗೊತ್ತಿದ್ರೆ ದಯವಿಟ್ಟು ತಿಳಿಸಿ. ಈಗಿರೋ ಮಾತ್ರೆ ಇನ್ನು ಹತ್ತು ದಿನಕ್ಕೆ ಸಾಕಾಗುತ್ತೆ.