ಮುಂಗಡ ಪಡೆದವರು ಈಗ ಬೆದರಿಸುತ್ತಿದ್ದಾರೆ: ಅನುಭವವಿದ್ದವರು ತಿಳಿಸಿ

ಎಂ.ಕಾಂ. ವಿದ್ಯಾರ್ಥಿನಿ, ಹಾಸನ: ಪ್ರಾಜೆಕ್ಟ್ ವರದಿ ಬರೆದುಕೊಡುತ್ತೇವೆ ಎಂದವರಿಗೆ ₹4,000 ಮುಂಗಡ ಕಳಿಸಿದೆ. ಇನ್ನೂ ₹6,000 ಕೊಡದಿದ್ದರೆ ನಮ್ಮ ಚಾಟ್ ಅನ್ನು ಗೈಡ್‌ಗೆ ಕಳಿಸುತ್ತೇವೆ ಎನ್ನುತ್ತಿದ್ದಾರೆ. ಕೊಟ್ಟು ಮುಗಿಸಿಬಿಡಲೇ?

ಓದುಗರು, ಚಿಕ್ಕಮಗಳೂರು: ದಯವಿಟ್ಟು ಕೊಡಬೇಡಿ. ನನ್ನ ತಮ್ಮ ಇದೇ ರೀತಿ ₹5,000 ಮುಂಗಡ ಕೊಟ್ಟಾಗ ಮಾದರಿಯೆಂದು ಎರಡು ಪುಟ ಬಂದವು. ಕಾಫಿ ಬೆಳೆಗಾರರ ಸಾಲದ ಕುರಿತ ಆ ಪುಟಗಳಲ್ಲಿ ಎಲ್ಲೆಡೆ ಚಿಕ್ಕಮಗಳೂರು ಎಂದಿದ್ದರೂ, ಕೋಷ್ಟಕದ ಕೆಳಗೆ ಮಾತ್ರ ‘ಮಡಿಕೇರಿ ತಾಲ್ಲೂಕು’ ಎಂದು ಉಳಿದುಹೋಗಿತ್ತು. ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದಾಗ ಪಿಎಚ್‌.ಡಿ. ಪ್ರಬಂಧಗಳ ಜಾಲತಾಣ ಶೋಧಗಂಗಾದಲ್ಲಿದ್ದ ಹಳೆಯ ಪ್ರಬಂಧವೇ ಸಿಕ್ಕಿತು. ಇದನ್ನು ಕೇಳಿದ ಮರುದಿನವೇ ಬೆದರಿಕೆ ಶುರುವಾಯಿತು. ಹೆದರಿ ₹7,000 ಕೊಟ್ಟ. ಒಂಬತ್ತು ದಿನಗಳ ನಂತರ ಬೇರೆ ನಂಬರಿನಿಂದ ಮತ್ತೆ ಅದೇ ಮಾತು. ಕೊಡುವವನೆಂದು ಗೊತ್ತಾದ ಮೇಲೆ ಅವರು ಬಿಡುವುದಿಲ್ಲ.

ಡಿ.ಟಿ.ಪಿ. ಅಂಗಡಿಯವರು, ಐ.ಜಿ. ರಸ್ತೆ: ನಮ್ಮಲ್ಲೂ ಬೈಂಡಿಂಗ್‌ಗೆ ಮುಂಗಡ ಪಡೆಯುತ್ತೇವೆ, ಆದರೆ ರಸೀದಿ ಕೊಡುತ್ತೇವೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಸಂಶೋಧನಾ ವಿದ್ಯಾರ್ಥಿ, ಹಾಸನ: ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಹಾಗಾಗಿ ಅವರ ಬೆದರಿಕೆಗೆ ಬೆಲೆಯೇ ಇಲ್ಲ.

ಉಪನ್ಯಾಸಕಿ, ಹಾಸನ: ಆ ಮಿತಿ ಇರುವುದು ನಿಜ, ಆದರೆ ಅದು ಪಠ್ಯದ ಹೋಲಿಕೆಗೆ ಸಂಬಂಧಿಸಿದ್ದು. ಇನ್ನೊಬ್ಬರ ಕೆಲಸವನ್ನು ತನ್ನದೆಂದು ಒಪ್ಪಿಸುವುದನ್ನೇ ಆ ನಿಯಮ ಕೃತಿಚೌರ್ಯ ಎನ್ನುತ್ತದೆ. ತಂಗಿ, ನೀವು ಇನ್ನೂ ಏನನ್ನೂ ಸಲ್ಲಿಸಿಲ್ಲವಾದರೆ ಅದೇ ನಿಮ್ಮ ಬಲ. ಅವರು ಕೊಟ್ಟ ಒಂದು ಸಾಲನ್ನೂ ಬಳಸದೆ ನೀವೇ ಬರೆಯಿರಿ. ನಂಬರನ್ನು ಬ್ಲಾಕ್ ಮಾಡುವ ಮೊದಲು ಚಾಟ್ ಅನ್ನು ಎಕ್ಸ್‌ಪೋರ್ಟ್ ಮಾಡಿ, ಏಕೆಂದರೆ ಅವರು ತಮ್ಮ ಸಂದೇಶಗಳನ್ನು ಅಳಿಸಬಹುದು. ಯುಪಿಐ ಆ್ಯಪಿನಲ್ಲಿ ಪಾವತಿಯ ಯುಟಿಆರ್ ಸಂಖ್ಯೆಯನ್ನೂ, ಹಣ ಸೇರಿದ ಖಾತೆಯ ಹೆಸರನ್ನೂ ಬರೆದುಕೊಂಡು 1930ಕ್ಕೆ ಕರೆ ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ಕೊಡಿ. ಹಣವನ್ನು ತಡೆಹಿಡಿಯಲು ಮೊದಲ ಗಂಟೆಗಳೇ ಮುಖ್ಯ. ದಿನಗಳು ಕಳೆದಿದ್ದರೆ ₹4,000 ಮರಳುವ ಆಸೆ ಕಡಿಮೆ. ಆದರೂ ಹೆದರಿಸಿ ಹಣ ಕೇಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್ನಿಗೆ ಬರುವ ಸುಲಿಗೆಯ ವಿಷಯವಾದ್ದರಿಂದ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಿ. ಗೈಡ್‌ಗೆ ಅವರಿಗಿಂತ ಮೊದಲು ನೀವೇ ಹೇಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಓದುಗರು, ಚಿಕ್ಕಮಗಳೂರು: ಆ ಕೊನೆಯ ಮಾತನ್ನು ನಾನು ಒಪ್ಪಲಾರೆ, ಮೇಡಂ. ನನ್ನ ತಮ್ಮ ಹಣ ಕೊಡುವುದನ್ನು ನಿಲ್ಲಿಸಿದ ಮೇಲೆ ಕಾಲೇಜಿಗೆ ಯಾವ ಸಂದೇಶವೂ ಹೋಗಲಿಲ್ಲ. ಎಲ್ಲ ಗೈಡ್‌ಗಳೂ ನಿಮ್ಮಷ್ಟು ಸಮಾಧಾನದಿಂದ ಕೇಳಿಸಿಕೊಳ್ಳುವುದಿಲ್ಲ.

ಎಂ.ಕಾಂ. ವಿದ್ಯಾರ್ಥಿನಿ, ಹಾಸನ: ನಾನು ಇನ್ನೂ ಏನನ್ನೂ ಸಲ್ಲಿಸಿಲ್ಲ. ಚಾಟ್ ಉಳಿಸಿಕೊಂಡೆ, ನಾಳೆ ಅಣ್ಣನ ಜೊತೆ ಠಾಣೆಗೆ ಹೋಗುತ್ತೇನೆ. ಗೈಡ್‌ಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.