ಸಹಾಯ ಬೇಕು: ಲೇಬಲ್ ಹರಿದ ಈ ಇನ್ಸುಲಿನ್ ಬಾಟಲಿ ಯಾವುದು?

ಫೋಟೋದಲ್ಲಿರುವುದು 10 ಮಿಲಿ ಗಾಜಿನ ಬಾಟಲಿ. ಹೆಸರಿದ್ದ ಭಾಗ ಹರಿದಿದೆ. ಕಂದು ಪಟ್ಟಿ ಮತ್ತು '40 ಐಯು/ಮಿಲಿ' ಮಾತ್ರ ಕಾಣುತ್ತಿವೆ, ಒಳಗಿನ ದ್ರವ ಹಾಲಿನಂತೆ ಬೆಳ್ಳಗಿದೆ. ಹ್ಯೂಮನ್ ಇನ್ಸುಲಿನ್‌ನಲ್ಲಿ ರೆಗ್ಯುಲರ್‌ಗೆ ಹಳದಿ, ಎನ್‌ಪಿಎಚ್‌ಗೆ ಹಸಿರು, ಇವೆರಡರ 30/70 ಮಿಶ್ರಣಕ್ಕೆ ಕಂದು ಬಣ್ಣ ರೂಢಿ. ಹಾಗಾಗಿ ಇದು 30/70 ಇರಬಹುದು ಎಂಬ ಊಹೆ. ಆದರೆ ಫೋಟೋ ತೆಗೆದದ್ದು ಹಳದಿ ಬಲ್ಬಿನ ಕೆಳಗೆ, ಬಣ್ಣವನ್ನು ಪೂರ್ತಿ ನಂಬುವಂತಿಲ್ಲ. ದ್ರವ ನೋಡಿಯೂ ತೀರ್ಮಾನಿಸಲಾಗದು, ಎನ್‌ಪಿಎಚ್ ಕೂಡ ಬೆಳ್ಳಗೇ ಇರುತ್ತದೆ.

ಇನ್ನೊಂದು ತೊಡಕು ಸಿರಿಂಜಿನದು. ಪಕ್ಕದಲ್ಲಿರುವುದರ ಮುಚ್ಚಳ ಕಿತ್ತಳೆ, ಅಂದರೆ ಅದು ಮಿಲಿಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ ಗೆರೆ ಹಾಕಿದ ಯು-100. ಈ ಬಾಟಲಿಗೆ ಬೇಕಾದದ್ದು ಕೆಂಪು ಮುಚ್ಚಳದ ಯು-40. ಕಿತ್ತಳೆಯದರಲ್ಲಿ 20ರ ಗೆರೆವರೆಗೆ ಎಳೆದರೆ ಬರುವುದು 0.2 ಮಿಲಿ, ದೇಹಕ್ಕೆ ಹೋಗುವುದು 8 ಯೂನಿಟ್ ಮಾತ್ರ. ಪೆನ್ನಿನ ಕಾರ್ಟ್ರಿಜ್‌ನ 100 ಐಯು ಇನ್ಸುಲಿನ್ ಅನ್ನು ಕೆಂಪು ಸಿರಿಂಜಿಗೆ ಎಳೆದರೆ ಇದರ ಉಲ್ಟಾ: 20ಕ್ಕೆ 50 ಯೂನಿಟ್, ಅದು ಪ್ರಾಣಕ್ಕೇ ಅಪಾಯ.

ಇದೇ ಬಾಟಲಿ ಇರುವವರು ದಯವಿಟ್ಟು ಹಗಲು ಬೆಳಕಿನಲ್ಲಿ ಲೇಬಲ್‌ನ ಸುತ್ತಲೂ ಫೋಟೋ ತೆಗೆದು ಹಾಕಿ. ಮುಚ್ಚಳದ ಬಣ್ಣವೂ ಕಾಣಲಿ. ಮೆಡಿಕಲ್ ಶಾಪಿನ ಬಿಲ್ ಅಥವಾ ಡಾಕ್ಟರ ಚೀಟಿಯಲ್ಲಿ ಹೆಸರು ಖಚಿತವಾಗುವವರೆಗೆ ಈ ಬಾಟಲಿಯಿಂದ ಚುಚ್ಚುವುದಿಲ್ಲ, ಹೊಸದನ್ನೇ ತರಿಸಲಾಗುತ್ತಿದೆ.